ಪತ್ರ ಹೋಯಿತು, ರೀಡಿಂಗ್ ಇಳಿಯಿತು, ತಪ್ಪು ಅಲ್ಲೇ ಇತ್ತು: ಒಂದು ಕ್ಯಾತ್‌ಲ್ಯಾಬ್ ಪ್ರಕರಣ

ನಾನು ಆಸ್ಪತ್ರೆಯೊಂದರ ವಿಕಿರಣ ಸುರಕ್ಷತಾ ಅಧಿಕಾರಿ. ಕಣ್ಣಿನ ಹೊಸ ಡೋಸ್ ಮಿತಿ ಮತ್ತು ವಿಕಿರಣ ಅಳೆಯುವ ಎರಡು ಬ್ಯಾಡ್ಜ್ ಹಾಕುವ ನಿಯಮದ ಬಗ್ಗೆ ಸಿಬ್ಬಂದಿಗೆ ನಾನು ಬರೆದ ಒಂದು ಪತ್ರ ಹೇಗೆ ಕೆಟ್ಟಿತು, ಅದನ್ನು ಯಾಕೆ ಮತ್ತೆ ಬರೆಯಬೇಕಾಯಿತು ಅನ್ನುವುದು ಇಲ್ಲಿನ ವಿಷಯ. ಯಾರದೂ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಹಿನ್ನೆಲೆ

ಕ್ಯಾತ್‌ಲ್ಯಾಬ್‌ನಲ್ಲಿ ಹೃದಯದ ರಕ್ತನಾಳಗಳಿಗೆ ಸ್ಟೆಂಟ್ ಹಾಕುವಾಗ ಡಾಕ್ಟರು ಎಕ್ಸ್‌ರೇ ನೋಡಿಕೊಂಡೇ ಕೆಲಸ ಮಾಡುತ್ತಾರೆ. ಎಕ್ಸ್‌ರೇ ಟ್ಯೂಬ್ ಮೇಜಿನ ಕೆಳಗಿರುತ್ತದೆ. ಕಿರಣ ಕೆಳಗಿನಿಂದ ಪೇಷಂಟ್ ಮೈ ಹೊಕ್ಕು ಮೇಲೆ ಬರುತ್ತದೆ. ಡಾಕ್ಟರ ಮೇಲೆ ನೇರ ಕಿರಣ ಬೀಳುವುದಿಲ್ಲ. ಪೇಷಂಟ್ ಮೈಗೆ ತಗುಲಿ ನಾಲ್ಕೂ ಕಡೆ ಚದುರುವ ವಿಕಿರಣ ಬೀಳುತ್ತದೆ. ಡಾಕ್ಟರು ಪೇಷಂಟ್‌ನ ಬಲಗಡೆ ನಿಲ್ಲುವುದರಿಂದ ಅವರ ಎಡ ಭುಜ, ಎಡ ಕೆನ್ನೆ, ಎಡಗಣ್ಣು ಚದುರುವ ಕಿರಣಕ್ಕೆ ಹತ್ತಿರ.

ಮೈಗೆ ಸೀಸದ ಏಪ್ರನ್ ಇರುತ್ತದೆ, ಕುತ್ತಿಗೆಗೆ ಥೈರಾಯ್ಡ್ ಕಾಲರ್ ಇರುತ್ತದೆ. ಕಣ್ಣಿಗೆ? ಹಾಕಿಕೊಂಡರೆ ಸೀಸದ ಕನ್ನಡಕ, ಎಳೆದುಕೊಂಡರೆ ಚಾವಣಿಯಿಂದ ತೂಗುವ ಸೀಸದ ಗಾಜಿನ ಪರದೆ. ಎರಡೂ ಇಲ್ಲದಿದ್ದರೆ ಕಣ್ಣಿಗೆ ಯಾವ ಅಡ್ಡವೂ ಇಲ್ಲ.

ಕಣ್ಣಿನ ಮಸೂರಕ್ಕೆ ಮೊದಲು ವರ್ಷಕ್ಕೆ 150 ಮಿಲಿಸೀವರ್ಟ್ ಮಿತಿ ಇತ್ತು. ಮೊದಲು ಅಂದುಕೊಂಡದ್ದಕ್ಕಿಂತ ಕಡಿಮೆ ಡೋಸ್‌ಗೂ ಮಸೂರದಲ್ಲಿ ಪೊರೆ ಬರಬಹುದು ಅನ್ನುವ ಪುರಾವೆ ಸೇರುತ್ತಾ ಹೋಯಿತು. 2011ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಆ ಮಿತಿಯನ್ನು ಇಳಿಸಲು ಹೇಳಿತು. 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 50 ದಾಟುವಂತಿಲ್ಲ. ಇಡೀ ದೇಹದ ಮಿತಿಯೂ ಇದೇ ಲೆಕ್ಕದ್ದು. ಹೀಗೆ ಎರಡಕ್ಕೂ ಒಂದೇ ಅಂಕಿ ಬಂದು, ಮುಂದೆ ಗೊಂದಲಕ್ಕೂ ಅದೇ ದಾರಿಯಾಯಿತು.

ನಮ್ಮಲ್ಲಿ ಈ ಬದಲಾವಣೆ ಜಾರಿಗೆ ಬರುವ ತನಕ ಎಲ್ಲರ ಹತ್ತಿರ ಇದ್ದದ್ದು ಒಂದೇ ಬ್ಯಾಡ್ಜ್, ಏಪ್ರನ್ ಒಳಗೆ, ಎದೆಯ ಮೇಲೆ. ಅದರ ರೀಡಿಂಗ್ ವರ್ಷಗಟ್ಟಲೆ ಸೊನ್ನೆಯ ಆಸುಪಾಸಿನಲ್ಲೇ ಇತ್ತು. ಏಪ್ರನ್ ಅದರ ಕೆಲಸ ಚೆನ್ನಾಗಿ ಮಾಡುತ್ತಿದ್ದರೆ ಒಳಗಿನ ಬ್ಯಾಡ್ಜ್‌ಗೆ ಏನೂ ಕಾಣುವುದಿಲ್ಲ. ಕಣ್ಣಿಗೆ ಎಷ್ಟು ಬೀಳುತ್ತಿದೆ ಅಂತ ಅದು ಹೇಳುವುದೂ ಇಲ್ಲ. ಅದಕ್ಕೇ ಎರಡನೇ ಬ್ಯಾಡ್ಜ್ ತಂದೆವು, ಕೆಂಪು ಬಣ್ಣದ್ದು. ಅದನ್ನು ಕುತ್ತಿಗೆ ಹತ್ತಿರ, ಎಡಗಡೆ, ಥೈರಾಯ್ಡ್ ಕಾಲರ್‌ನ ಹೊರಗೆ ಹಾಕಬೇಕು. ಅದು ಕಣ್ಣಿನ ಡೋಸನ್ನೇ ಪಕ್ಕಾ ಅಳೆಯುವುದಿಲ್ಲ, ಆದರೆ ಅಂದಾಜಿಗೆ ಸಾಕು.

ಪತ್ರ ಬರೆಯುವ ಮೊದಲು ಒಂದು ತಿಂಗಳು ಸುಮ್ನೆ ಅಳೆದು ನೋಡೋಣ ಅಂದುಕೊಂಡೆ. ಎಲ್ಲರಿಗೂ ಎರಡೆರಡು ಬ್ಯಾಡ್ಜ್ ಕೊಟ್ಟೆ, ಮಿತಿಯ ಮಾತೇ ಎತ್ತಲಿಲ್ಲ. ಆ ಹೊತ್ತಿಗೆ ಅದು ಅಷ್ಟು ದೊಡ್ಡ ನಿರ್ಧಾರ ಅನ್ನಿಸಿರಲಿಲ್ಲ. ಆಮೇಲೆ ನನ್ನನ್ನು ಉಳಿಸಿದ್ದು ಆ ತಿಂಗಳ ಅಂಕಿಗಳೇ.

ಹಿರಿಯ ಹೃದಯ ತಜ್ಞರೊಬ್ಬರಿದ್ದರು. ಲ್ಯಾಬ್‌ನಲ್ಲಿ ಅತಿ ಹೆಚ್ಚು ಕೇಸ್ ಅವರದ್ದೇ. ಆ ತಿಂಗಳು ಸುಮಾರು 60 ಕೇಸ್ ಮಾಡಿದ್ದರು. ಅವರ ಒಳಗಿನ ಬ್ಯಾಡ್ಜ್ 0.1 ಮಿಲಿಸೀವರ್ಟ್ ತೋರಿಸಿತು, ಕುತ್ತಿಗೆಯದ್ದು 3.4. ಅವರ ಕೇಸ್‌ಗಳಲ್ಲಿ ಹೆಚ್ಚಾಗಿ ಪಕ್ಕದಲ್ಲೇ ನಿಲ್ಲುವ ಸ್ಟಾಫ್ ನರ್ಸ್ ಒಬ್ಬರ ಕುತ್ತಿಗೆ ಬ್ಯಾಡ್ಜ್ 0.9.

ಇಲ್ಲಿ ಒಂದು ಲೆಕ್ಕ ಬಿಡಿಸಿ ಹೇಳಬೇಕು. ಎರಡು ಬ್ಯಾಡ್ಜ್ ಇದ್ದಾಗ ಇಡೀ ದೇಹದ ಡೋಸ್ ಅಂದಾಜು ಮಾಡಲು ಬಳಕೆಯಲ್ಲಿರುವ ಒಂದು ಸೂತ್ರವಿದೆ: ಒಳಗಿನ ರೀಡಿಂಗ್‌ನ ಅರ್ಧ ತಗೊಂಡು ಅದಕ್ಕೆ ಕುತ್ತಿಗೆ ರೀಡಿಂಗ್‌ನ ನಲವತ್ತನೇ ಒಂದು ಭಾಗ ಸೇರಿಸುವುದು. ಈ ಡಾಕ್ಟರಿಗೆ 0.05 ಮತ್ತು 0.085, ಒಟ್ಟು 0.135. ವರ್ಷಕ್ಕೆ 1.6ರ ಸುಮಾರು. ದೇಹದ ಮಿತಿಯಾದ 20ಕ್ಕೆ ಇದು ಎಲ್ಲೋ ದೂರ. ಆದರೆ ಕಣ್ಣಿನ ಲೆಕ್ಕಕ್ಕೆ ಕುತ್ತಿಗೆ ರೀಡಿಂಗ್ ಹಾಗೇ ಹೋಗುತ್ತದೆ: 3.4ನ್ನು 12 ತಿಂಗಳಿಗೆ ಗುಣಿಸಿದರೆ ಸುಮಾರು 41. ಒಬ್ಬರೇ ಮನುಷ್ಯ, ಒಂದೇ ತಿಂಗಳು. ಮೈ ಆರಾಮಾಗಿದೆ, ಕಣ್ಣು ಮಿತಿಯ ಎರಡರಷ್ಟು ವೇಗದಲ್ಲಿ ಓಡುತ್ತಿದೆ.

ಮೊದಲ ಪತ್ರ

ಎರಡು ಪುಟದ ಸುತ್ತೋಲೆ ಬರೆದೆ. ಮಿತಿಗಳ ಕೋಷ್ಟಕ ಹಾಕಿದೆ: ದೇಹ, ಕಣ್ಣು, ಚರ್ಮ, ಕೈಕಾಲು, ಗರ್ಭಿಣಿಯರು. ಬ್ಯಾಡ್ಜ್ ನಿಯಮ ಹನ್ನೊಂದು ಅಂಶ. ಕೊನೆಗೆ ಕಚೇರಿ ಕನ್ನಡದಲ್ಲಿ ಒಂದು ವಾಕ್ಯ ಸೇರಿಸಿದೆ, ಯಾಕೆ ಸೇರಿಸಿದೆ ಅಂತ ಯೋಚಿಸಲೇ ಇಲ್ಲ. ಇಂಥ ಪತ್ರಗಳ ಕೊನೆಗೆ ಅದು ಇದ್ದೇ ಇರುತ್ತದೆ, ಅಲ್ವಾ?

"ನಿಗದಿತ ಮಿತಿ ಮೀರಿದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು."

ಇಡೀ ಪ್ರಕರಣ ನಿಂತಿರುವುದು ಈ ಒಂದು ವಾಕ್ಯದ ಮೇಲೆ.

ಪತ್ರದ ಜೊತೆಗೆ ಪ್ರತಿಯೊಬ್ಬರಿಗೂ ಅವರವರ ಮೊದಲ ತಿಂಗಳ ರೀಡಿಂಗ್ ಕೊಟ್ಟೆ. ಮುಂದಿನ ತಿಂಗಳ ಬ್ಯಾಡ್ಜ್‌ಗಳು ಹೋಗಿ ಓದಿಸಿಕೊಂಡು ಬಂದವು. ಹಿರಿಯ ಡಾಕ್ಟರ ಕುತ್ತಿಗೆ ಬ್ಯಾಡ್ಜ್ 3.4ರಿಂದ 0.3ಕ್ಕೆ ಇಳಿದಿತ್ತು. ಅದರ ಮುಂದಿನ ತಿಂಗಳು 0.2. ಇನ್ನಿಬ್ಬರು ಡಾಕ್ಟರದ್ದೂ ಹಾಗೇ ಇಳಿದಿತ್ತು.

ನನಗೆ ಖುಷಿಯೋ ಖುಷಿ. ಸುರಕ್ಷತಾ ಸಮಿತಿಯ ಸಭೆಯಲ್ಲಿ ಗ್ರಾಫ್ ತೋರಿಸಿದೆ. "ಅರಿವು ಮೂಡಿಸಿದ್ದರ ಫಲ" ಅಂತ ಯಾರೋ ಅಂದರು, ನಾನು ತಲೆ ಆಡಿಸಿದೆ. ಆ ಗ್ರಾಫ್ ಇನ್ನೂ ನನ್ನ ಕಂಪ್ಯೂಟರ್‌ನಲ್ಲಿದೆ. ಡಿಲೀಟ್ ಮಾಡಿಲ್ಲ.

ಅನುಮಾನ ಹುಟ್ಟಿದ್ದು

ಸಭೆ ಮುಗಿದು ಒಂದು ವಾರವಾಗಿತ್ತು. ಕಡತಕ್ಕೆ ಸೇರಿಸಲು ಮೂರು ತಿಂಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆಯುತ್ತಿದ್ದೆ. ಡಾಕ್ಟರ ಸಾಲು: 3.4, 0.3, 0.2. ಕೆಳಗೆ ನರ್ಸ್ ಸಾಲು: 0.9, 0.9, 0.8.

ಪೆನ್ನು ಅಲ್ಲೇ ನಿಂತಿತು. ನರ್ಸ್ ನಿಲ್ಲುವುದು ಡಾಕ್ಟರಿಗಿಂತ ಹಿಂದೆ, ಪೇಷಂಟ್ ಎದೆಯಿಂದ ಇನ್ನೂ ದೂರ. ಕಿರಣ ಮೊದಲು ಡಾಕ್ಟರನ್ನು ದಾಟಬೇಕು. ಡಾಕ್ಟರ ಮುಂದೆ ಪರದೆ ಬಂದಿದ್ದರೆ ಆ ನೆರಳಿನಲ್ಲಿ ನರ್ಸ್ ರೀಡಿಂಗ್ ಕೂಡ ಎಷ್ಟೋ ಇಳಿಯಬೇಕಿತ್ತು. ಹತ್ತಿರ ನಿಂತವರಿಗೆ 0.2, ದೂರ ನಿಂತವರಿಗೆ 0.8, ಇದು ಆಗದ ಮಾತು.

ಇನ್ನೊಂದು ಕಡೆಯಿಂದಲೂ ನೋಡಿದೆ. ಎಕ್ಸ್‌ರೇ ಯಂತ್ರ ಪ್ರತಿ ಕೇಸ್‌ಗೂ ಡಿಎಪಿ ಅಂತ ಒಂದು ಅಂಕಿ ಬರೆದಿಡುತ್ತದೆ. ಎಷ್ಟು ಡೋಸ್, ಎಷ್ಟು ಅಗಲದ ಕಿರಣದಲ್ಲಿ ಹೊರಬಂತು ಅನ್ನುವುದರ ಗುಣಲಬ್ಧ ಅದು. ಚದುರುವ ವಿಕಿರಣ ಹೆಚ್ಚು ಕಡಿಮೆ ಅದರ ಜೊತೆಗೇ ಏರಿಳಿಯುತ್ತದೆ. ಹಿರಿಯ ಡಾಕ್ಟರ ಕೇಸ್‌ಗಳದ್ದನ್ನು ಕೂಡಿಸಿದೆ. ಮೊದಲ ತಿಂಗಳು 3,600 ಗ್ರೇ-ಚದರ ಸೆಂಟಿಮೀಟರ್, ಎರಡನೇ ತಿಂಗಳು 3,450, ಮೂರನೇ ತಿಂಗಳು 3,500. ಯಂತ್ರದಿಂದ ಬರುವುದು ಇಳಿದಿಲ್ಲ, ಪಕ್ಕದವರ ಬ್ಯಾಡ್ಜ್ ಇಳಿದಿಲ್ಲ, ಇವರದ್ದು ಮಾತ್ರ ಹತ್ತರಲ್ಲಿ ಒಂದು ಭಾಗಕ್ಕೆ ಬಂದಿದೆ.

ಅಂದರೆ ಬ್ಯಾಡ್ಜ್ ಡಾಕ್ಟರ ಮೈಮೇಲೆ ಇರಲಿಲ್ಲ.

ಮರುದಿನ ಲ್ಯಾಬ್‌ಗೆ ಹೋದೆ. ಏನೂ ಕೇಳಲಿಲ್ಲ, ಏಪ್ರನ್‌ಗಳ ವಾರ್ಷಿಕ ತಪಾಸಣೆಯ ನೆಪ ಇತ್ತು. ಟೆಕ್ನಾಲಜಿಸ್ಟ್ ಹುಡುಗ ನನ್ನ ಜೊತೆ ಏಪ್ರನ್ ಎಣಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಗ್ಗಿದ ದನಿಯಲ್ಲಿ, "ಮೇಡಂ, ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಕೆಂಪು ಬ್ಯಾಡ್ಜ್‌ಗಳು ಕನ್ಸೋಲ್ ರೂಮಿನ ಡ್ರಾಯರ್‌ನಲ್ಲಿರ್ತವೆ. ಕೇಸ್ ಉದ್ದ ಆಗುತ್ತೆ ಅನ್ನಿಸಿದ್ರೆ ತೆಗೆದಿಟ್ಟು ಹೋಗ್ತಾರೆ" ಅಂದ.

ಡ್ರಾಯರ್ ತೆಗೆದೆ. ಬೀಗದ ಕೈ ಗೊಂಚಲು, ಎರಡು ಪೆನ್ನು, ಒಂದು ಹಳೇ ಚಾರ್ಜರ್, ಅದರ ಪಕ್ಕದಲ್ಲಿ ಮೂರು ಕೆಂಪು ಬ್ಯಾಡ್ಜ್, ಹೆಸರು ಮೇಲೆ ಕಾಣುವಂತೆ ನೀಟಾಗಿ ಜೋಡಿಸಿದ್ದವು. ಚಿಕ್ಕ ಕೇಸ್‌ಗಳಿಗೆ ಹಾಕಿಕೊಳ್ಳುತ್ತಿದ್ದರು, ಆ 0.2, 0.3 ಬಂದದ್ದು ಅಲ್ಲಿಂದ. ಪೂರ್ತಿ ಸೊನ್ನೆ ಬಂದರೆ ನನಗೆ ಗೊತ್ತಾಗುತ್ತದೆ ಅನ್ನುವಷ್ಟು ಬುದ್ಧಿವಂತರು ಅವರು.

ತಿರುವು

ಇಲ್ಲಿ ನನ್ನ ಮುಂದೆ ಎರಡು ದಾರಿ ಇತ್ತು. ನಿಯಮ ಉಲ್ಲಂಘನೆ ಅಂತ ಬರೆದು ಮೇಲೆ ಕಳಿಸುವುದು. ಇಲ್ಲವೇ ಮೊದಲು ಕೇಳುವುದು. ಸಿಟ್ಟು ಬಂದಿತ್ತು, ಮೊದಲನೆಯದ್ದೇ ಮಾಡಬೇಕು ಅನ್ನಿಸಿತ್ತು. ತಡೆದದ್ದು ಒಂದೇ ವಿಷಯ. ದೂರು ಹೋದರೆ ಹುಡುಗನ ಹೆಸರು ಹೊರಗೆ ಬರುತ್ತದೆ, ಮತ್ತೆ ಆ ಲ್ಯಾಬ್‌ನಲ್ಲಿ ಯಾರೂ ನನಗೆ ಏನೂ ಹೇಳುವುದಿಲ್ಲ.

ಆ ಮೂರು ಸಾಲಿನ ಹಾಳೆ ಹಿಡಿದು ಹಿರಿಯ ಡಾಕ್ಟರ ಹತ್ತಿರ ಹೋದೆ. ಡ್ರಾಯರ್ ವಿಷಯ ಎತ್ತಲಿಲ್ಲ. "ಸರ್, ಈ ಲೆಕ್ಕ ನನಗೆ ಹೊಂದ್ತಾ ಇಲ್ಲ. ಸಿಸ್ಟರ್‌ಗೆ ನಿಮಗಿಂತ ನಾಲ್ಕು ಪಟ್ಟು ಬಂದಿದೆ" ಅಂದೆ.

ಅವರು ಹಾಳೆ ನೋಡಿದರು. ಸುಳ್ಳು ಹೇಳಲಿಲ್ಲ.

"ನಿಮ್ಮ ಪತ್ರದಲ್ಲಿ ಇಪ್ಪತ್ತು ಅಂತ ಬರೆದಿದ್ದೀರಿ. ತಿಂಗಳಿಗೆ ಮೂರೂವರೆ ಅಂದ್ರೆ ಆರು ತಿಂಗಳಿಗೆ ನನ್ನ ಕೋಟಾ ಮುಗೀತದೆ. ಆಮೇಲೆ 'ಸೂಕ್ತ ಕ್ರಮ.' ಅಂದ್ರೆ ನನ್ನನ್ನ ಲ್ಯಾಬ್‌ನಿಂದ ಹೊರಗಿಡ್ತೀರಿ, ಅಷ್ಟೇ ತಾನೆ? ರಾತ್ರಿ ಎರಡು ಗಂಟೆಗೆ ಹಾರ್ಟ್ ಅಟ್ಯಾಕ್ ಬಂದೋರನ್ನ ಯಾರು ನೋಡ್ತಾರೆ, ನೀವು ನೋಡ್ತೀರಾ?"

ನನಗೆ ಉತ್ತರ ಹೊಳೆಯಲಿಲ್ಲ. ನಾನು ಎಚ್ಚರಿಕೆ ಅಂದುಕೊಂಡು ಬರೆದದ್ದನ್ನು ಅವರು ರೇಷನ್ ಕಾರ್ಡ್ ಅಂತ ಓದಿದ್ದರು. ನೋಡಿದರೆ ತಪ್ಪು ಓದೇನೂ ಅಲ್ಲ. ಪತ್ರದಲ್ಲಿ ಮಿತಿ ಎಷ್ಟು ಅಂತ ಇತ್ತು, ಮೀರಿದರೆ ಕ್ರಮ ಅಂತ ಇತ್ತು. ಆ ಎರಡರ ಮಧ್ಯೆ ಏನು ಮಾಡಬಹುದು ಅನ್ನುವುದು ಎಲ್ಲೂ ಇರಲಿಲ್ಲ. 3.4ನ್ನು 1ಕ್ಕೆ ಇಳಿಸುವ ದಾರಿ ಇದೆ ಅಂತ ಅವರಿಗೆ ಗೊತ್ತಿಲ್ಲದಿದ್ದರೆ, ಕಣ್ಣಿಗೆ ಬೀಳುವುದನ್ನು ಇಳಿಸುವುದಕ್ಕಿಂತ ಬ್ಯಾಡ್ಜ್‌ಗೆ ಬೀಳುವುದನ್ನು ಇಳಿಸುವುದೇ ಸುಲಭ.

"ಒಂದು ದಿನ ನಿಮ್ಮ ಕೇಸ್ ನಿಂತು ನೋಡಬಹುದಾ?" ಅಂತ ಕೇಳಿದೆ. ಒಪ್ಪಿದರು.

ಲ್ಯಾಬ್‌ನಲ್ಲಿ ಕಂಡದ್ದು

ನಾಲ್ಕು ಕೇಸ್ ನೋಡಿದೆ. ನಾಲ್ಕರಲ್ಲೂ ಚಾವಣಿಯ ಸೀಸದ ಗಾಜು ಗೋಡೆ ಕಡೆಗೆ ತಳ್ಳಿಕೊಂಡಿತ್ತು. ಡಾಕ್ಟರಿಗೆ ಅದು ಅಡ್ಡಿ ಅನ್ನಿಸುತ್ತಿರಬೇಕು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಆಮೇಲೆ ಸಿಸ್ಟರ್ ಹತ್ತಿರ ಕೇಳಿದಾಗ ಬೇರೆಯೇ ಕಾರಣ ಸಿಕ್ಕಿತು. ಗಾಜಿಗೆ ಹಾಕುವ ಸ್ಟೆರೈಲ್ ಕವರ್ ಆಂಜಿಯೋ ಪ್ಯಾಕ್‌ನಲ್ಲಿ ಬರುತ್ತಿರಲಿಲ್ಲ. ಸ್ಟೋರ್‌ಗೆ ಬೇರೆ ಬರೆದು ತರಿಸಬೇಕು. ಅದು ಬರುವ ಹೊತ್ತಿಗೆ ಡಾಕ್ಟರು ಕೈ ತೊಳೆದು ನಿಂತಿರುತ್ತಾರೆ. ಕವರ್ ಇಲ್ಲದ ಗಾಜನ್ನು ಅವರು ಮುಟ್ಟುವಂತಿಲ್ಲ. ಮುಟ್ಟಲಾಗದ ಪರದೆ ಗೋಡೆ ಪಾಲು.

ಎರಡನೆಯದು, ಎಲ್‌ಎಓ ನೋಟಗಳು. ಪೇಷಂಟ್‌ನ ಎಡ ಮುಂಭಾಗದಿಂದ ನೋಡಲು ಎಕ್ಸ್‌ರೇ ಯಂತ್ರದ ಆರ್ಮ್ ವಾಲಿಸಿದರೆ ಮೇಲಿನ ಡಿಟೆಕ್ಟರ್ ಆಚೆ ಹೋಗುತ್ತದೆ, ಕೆಳಗಿನ ಟ್ಯೂಬ್ ಈಚೆ, ಡಾಕ್ಟರ ಕಡೆಗೆ ಬರುತ್ತದೆ. ಕಿರಣ ಮೈಯೊಳಗೆ ಹೊಕ್ಕುವ ಕಡೆಯೇ ಚದುರುವುದು ಜಾಸ್ತಿ. ಹಾಗಾಗಿ ಆ ಭಂಗಿಯಲ್ಲಿ ಡಾಕ್ಟರಿಗೆ ಬೀಳುವುದೂ ಜಾಸ್ತಿ. ಕೈಯಲ್ಲಿ ಹಿಡಿಯುವ ಸರ್ವೇ ಮೀಟರ್ ಡಾಕ್ಟರು ನಿಲ್ಲುವ ಜಾಗದ ಹಿಂದೆ ಹಿಡಿದು ತೋರಿಸಿದೆ. ನೇರ ನೋಟದಲ್ಲಿ ಎಷ್ಟು, ವಾಲಿಸಿದಾಗ ಎಷ್ಟು, ಗಾಜು ಎಳೆದಾಗ ಎಷ್ಟು. ಗಾಜಿನ ಕೆಳ ಅಂಚು ಪೇಷಂಟ್ ಮೈಗೆ ತಾಗುವಷ್ಟು ಇಳಿಸಿದಾಗ ಮುಳ್ಳು ಕೆಳಗೆ ಬಿತ್ತು. ಅದೇ ಗಾಜನ್ನು ಡಾಕ್ಟರ ಮುಖದ ಹತ್ತಿರ, ಪೇಷಂಟ್‌ನಿಂದ ಎತ್ತರದಲ್ಲಿ ಹಿಡಿದಾಗ ಕೆಳಗಿನ ಸಂದಿಯಿಂದ ನುಗ್ಗಿ ಬರುತ್ತಿತ್ತು. ಪರದೆ ಇದ್ದರೆ ಸಾಲದು, ಎಲ್ಲಿದೆ ಅನ್ನುವುದು ಮುಖ್ಯ. ಡಾಕ್ಟರು ಮೀಟರ್ ಕಡೆ ನೋಡಿದರು, ಏನೂ ಹೇಳಲಿಲ್ಲ. ಮುಂದಿನ ಶಾಟ್‌ಗೆ ತಾವೇ ಗಾಜನ್ನು ಇನ್ನೊಂದು ಇಂಚು ಇಳಿಸಿದರು.

ಕವರ್ ವಿಷಯ ಬಗೆಹರಿಯಲು ಮೂರು ವಾರ ಬೇಕಾಯಿತು. ಪ್ಯಾಕ್ ಪಟ್ಟಿಯಲ್ಲಿ ಒಂದು ಸಾಲು ಸೇರಿಸುವುದು ಅಷ್ಟೇ, ಆದರೆ ಅದಕ್ಕೆ ಮೂರು ಸಹಿ.

ಎರಡನೇ ಪತ್ರ

ಈ ಸಲ ಒಂದೇ ಪುಟ, ಕ್ಯಾತ್‌ಲ್ಯಾಬ್‌ಗೆ ಮಾತ್ರ. ಎಕ್ಸ್‌ರೇ ವಿಭಾಗಕ್ಕೆ ಬೇರೆ ಬರೆದೆ, ಅಲ್ಲಿ ಕಣ್ಣಿನ ಮಾತು ಎರಡು ಸಾಲು ಸಾಕಿತ್ತು. ಚರ್ಮ, ಕೈಕಾಲಿನ ಕೋಷ್ಟಕ ತೆಗೆದುಹಾಕಿದೆ. ಪತ್ರದ ಮುಖ್ಯ ಭಾಗ ಇದು:

"ನಿಮ್ಮ ಹತ್ತಿರ ಎರಡು ಬ್ಯಾಡ್ಜ್ ಇವೆ. ನೀಲಿಯದು ಏಪ್ರನ್ ಒಳಗೆ, ಎದೆ ಮೇಲೆ. ಕೆಂಪು ಹೊರಗೆ, ಕುತ್ತಿಗೆಯ ಎಡಗಡೆ. ನೀಲಿ ನಿಮ್ಮ ಮೈಯ ಲೆಕ್ಕ ಹೇಳುತ್ತದೆ, ಅದು ಚೆನ್ನಾಗಿಯೇ ಇದೆ. ಕೆಂಪು ನಿಮ್ಮ ಕಣ್ಣಿನ ಲೆಕ್ಕ ಹೇಳುತ್ತದೆ. ಕಣ್ಣಿನ ಮಿತಿ 150ರಿಂದ 20ಕ್ಕೆ ಇಳಿದಿದೆ. ನಿಮ್ಮ ಕೆಲಸ ಬದಲಾಗಿಲ್ಲ, ಕಣ್ಣಿನ ಪೊರೆಯ ಬಗ್ಗೆ ತಿಳಿವಳಿಕೆ ಬದಲಾಗಿದೆ.

ಕೆಂಪು ಬ್ಯಾಡ್ಜ್ ತಿಂಗಳಿಗೆ 1.5 ದಾಟಿದರೆ ಹೀಗೆ ಆಗುತ್ತದೆ: ಮೊದಲು ನಿಮಗೆ ಫೋನ್ ಮಾಡುತ್ತೇನೆ, ಬೇರೆ ಯಾರಿಗೂ ಅಲ್ಲ. ಒಂದು ದಿನ ನಿಮ್ಮ ಕೇಸ್‌ನಲ್ಲಿ ನಿಂತು ಪರದೆ, ಕನ್ನಡಕ, ನಿಲ್ಲುವ ಜಾಗ ನೋಡುತ್ತೇನೆ. ಏನು ಬದಲಿಸಬೇಕು ಅಂತ ಇಬ್ಬರೂ ಸೇರಿ ಬರೆದಿಡೋಣ. ಕೆಲಸ ಕಡಿಮೆ ಮಾಡುವ ಮಾತು ಇಲ್ಲಿ ಇಲ್ಲ.

ವರ್ಷದ ಒಟ್ಟು 15 ದಾಟಿದರೆ ನಿಮ್ಮ ವಿಭಾಗದ ಮುಖ್ಯಸ್ಥರ ಜೊತೆ ಕೂತು ಕೇಸ್ ಹಂಚಿಕೆ ನೋಡಬೇಕಾಗುತ್ತದೆ. ಇದನ್ನು ಮುಚ್ಚಿಟ್ಟು ಹೇಳುವುದಿಲ್ಲ.

ಬ್ಯಾಡ್ಜ್ ಹಾಕದ ತಿಂಗಳಿಗೆ ಸೊನ್ನೆ ಬರೆಯುವುದಿಲ್ಲ. ಯಂತ್ರದ ಡಿಎಪಿ ನೋಡಿ ಅಂದಾಜು ಬರೆಯುತ್ತೇನೆ. ಅಂದಾಜು ಯಾವಾಗಲೂ ಪರದೆ ಇಲ್ಲದ ಲೆಕ್ಕದಲ್ಲಿರುತ್ತದೆ, ಅಂದರೆ ಜಾಸ್ತಿಯೇ ಬರುತ್ತದೆ."

'ಯಾರನ್ನೂ ಎಂದೂ ಕೆಲಸದಿಂದ ನಿಲ್ಲಿಸುವುದಿಲ್ಲ' ಅಂತ ಬರೆಯುವ ಆಸೆ ಬಹಳ ಇತ್ತು. ಬರೆದರೆ ಎಲ್ಲರೂ ಮರುದಿನವೇ ಬ್ಯಾಡ್ಜ್ ಹಾಕುತ್ತಿದ್ದರು. ಆದರೆ ಅದು ನನ್ನ ಕೈಯಲ್ಲಿಲ್ಲದ ಮಾತು. ಮಿತಿ ನಿಜವಾಗಿ ಮೀರಿದರೆ ನಿಲ್ಲಿಸಲೇಬೇಕು. ಅದಕ್ಕೇ 15ರ ಸಾಲು ಹಾಗೇ ಉಳಿಯಿತು. ಕರಡು ತೋರಿಸಿದಾಗ ಹಿರಿಯ ಡಾಕ್ಟರು ಅದೇ ಸಾಲಿನ ಮೇಲೆ ಬೆರಳಿಟ್ಟರು. "ಇದು ಇರಲಿ, ಇದಿದ್ರೇನೇ ಉಳಿದದ್ದನ್ನ ನಂಬ್ತಾರೆ" ಅಂದರು.

ಗರ್ಭಿಣಿಯರ ಭಾಗವನ್ನೂ ತಿದ್ದಿದೆ. ಮೊದಲ ಪತ್ರದಲ್ಲಿ "ಕೂಡಲೇ ವರದಿ ಮಾಡತಕ್ಕದ್ದು" ಅಂತ ಇತ್ತು, ಯಾರಿಗೆ ಅಂತ ಇರಲಿಲ್ಲ. ಈಗ ನನ್ನ ಹೆಸರು, ನನ್ನ ಬಾಗಿಲು. ತಿಳಿಸಿದ ದಿನದಿಂದ ಹೆರಿಗೆ ತನಕ ಮಗುವಿಗೆ 1 ಮಿಲಿಸೀವರ್ಟ್ ಮಿತಿ, ಅದಕ್ಕೆ ಏಪ್ರನ್ ಒಳಗೆ ಹೊಟ್ಟೆಯ ಮೇಲೆ ಒಂದು ಬ್ಯಾಡ್ಜ್. ತಿಳಿಸಿದ್ದಕ್ಕೇ ಯಾರನ್ನೂ ತಾನಾಗಿ ಬೇರೆ ಕಡೆ ಹಾಕುವುದಿಲ್ಲ ಅಂತಲೂ ಬರೆದೆ.

ಹಳೆಯ ಎರಡು ತಿಂಗಳ ಸುಳ್ಳು ರೀಡಿಂಗ್ ಏನು ಮಾಡುವುದು ಅನ್ನುವುದು ಉಳಿದಿತ್ತು. ಹಾಗೇ ಬಿಟ್ಟರೆ ದಾಖಲೆ ತಪ್ಪು. ಮೊದಲ ತಿಂಗಳ 3.4ನ್ನು ಆ ತಿಂಗಳ 3,600ರಿಂದ ಭಾಗಿಸಿ, ಆ ಪ್ರಮಾಣವನ್ನು ಮುಂದಿನ ತಿಂಗಳುಗಳ ಡಿಎಪಿಗೆ ಹಾಕಿದೆ: ಎರಡೂ ತಿಂಗಳು ತಲಾ 3.3ರ ಸುಮಾರು. ಮೂರೂ ಡಾಕ್ಟರು 'ಈ ಅವಧಿಯಲ್ಲಿ ಬ್ಯಾಡ್ಜ್ ಪೂರ್ತಿ ಧರಿಸಿರಲಿಲ್ಲ' ಅಂತ ಬರೆದು ಸಹಿ ಹಾಕಿದರು. ನಾನು ಸಮಿತಿಗೆ ಹೋಗಿ ಆ ಗ್ರಾಫ್ ತಪ್ಪು ಅಂತ ಹೇಳಿಬಂದೆ. ಅವತ್ತಿನ ಸಭೆ ಬೇಗ ಮುಗಿಯಲಿ ಅನ್ನಿಸಿತ್ತು.

ಆಮೇಲೆ

ಕವರ್ ಬಂದ ಮೇಲಿನ ಮೊದಲ ಪೂರ್ತಿ ತಿಂಗಳು ಹಿರಿಯ ಡಾಕ್ಟರ ಕೆಂಪು ಬ್ಯಾಡ್ಜ್ 1.1 ತೋರಿಸಿತು. ಈ ಸಲ ನಾನು ಮೊದಲು ನೋಡಿದ್ದು ಅದನ್ನಲ್ಲ, ನರ್ಸ್ ಸಾಲನ್ನು. 0.9ರಿಂದ 0.4ಕ್ಕೆ ಬಂದಿತ್ತು. ಡಿಎಪಿ 3,550. ಯಂತ್ರದಿಂದ ಬಂದದ್ದು ಅಷ್ಟೇ, ಇಬ್ಬರದ್ದೂ ಒಟ್ಟಿಗೆ ಇಳಿದಿದೆ, ಹತ್ತಿರದವರಿಗೇ ಜಾಸ್ತಿ ಇದೆ. ಇದನ್ನು ನಂಬಬಹುದು. ಈಗ ಪ್ರತಿ ತಿಂಗಳೂ ಒಬ್ಬೊಬ್ಬರ ಅಂಕಿಯನ್ನು ಒಂಟಿಯಾಗಿ ಓದುವುದನ್ನು ಬಿಟ್ಟಿದ್ದೇನೆ. ಪಕ್ಕದವರ ಅಂಕಿ, ಯಂತ್ರದ ಅಂಕಿ ಎರಡನ್ನೂ ಜೊತೆಗಿಟ್ಟೇ ನೋಡುತ್ತೇನೆ. ರೀಡಿಂಗ್ ಏರಿದಾಗ ಎಲ್ಲರೂ ಕಾರಣ ಕೇಳುತ್ತಾರೆ. ಇಳಿದಾಗಲೂ ಕೇಳಬೇಕು ಅಂತ ನನಗೆ ಆ ಡ್ರಾಯರ್ ನೋಡುವ ತನಕ ಹೊಳೆದಿರಲಿಲ್ಲ.

ಎಲ್ಲ ಸರಿ ಹೋಯಿತು ಅಂತಲ್ಲ. ಮುಂದಿನ ತಿಂಗಳು ಕಿರಿಯ ಡಾಕ್ಟರೊಬ್ಬರ ನೀಲಿ ಬ್ಯಾಡ್ಜ್ 1.2, ಕೆಂಪು ಸೊನ್ನೆ. ಏಪ್ರನ್ ಒಳಗೆ ಹೊರಗಿಗಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ, ಹಾಗಾಗಿ ಅದಲು ಬದಲು ಆಗಿದೆ ಅಂತ ನೋಡಿದ ಕೂಡಲೇ ತಿಳಿಯಿತು. ಓದುವ ಪ್ರಯೋಗಾಲಯವೂ ಅದನ್ನೇ ಹೇಳಿತು. ಬ್ಯಾಡ್ಜ್ ಒಳಗಿನ ಫಿಲ್ಟರ್‌ಗಳ ಕೆಳಗೆ ಬಿದ್ದ ಪ್ರಮಾಣ ನೋಡಿದರೆ ಕಿರಣ ಮೆತ್ತಗಿನದೋ ಗಡಸಿನದೋ ಗೊತ್ತಾಗುತ್ತದೆ. ಸೀಸ ದಾಟಿ ಬಂದ ಕಿರಣದಲ್ಲಿ ಮೆತ್ತಗಿನದು ಉಳಿದಿರುವುದಿಲ್ಲ, ಈ ನೀಲಿಯಲ್ಲಿ ಅದು ಧಾರಾಳವಾಗಿತ್ತು. ಬಣ್ಣ ಬೇರೆ ಇದ್ದರೆ ಸಾಕು ಅಂದುಕೊಂಡಿದ್ದೆ, ಅವರಿಗೆ ಯಾವ ಬಣ್ಣ ಎಲ್ಲಿ ಅಂತಲೇ ನೆನಪಿರಲಿಲ್ಲ. ಈಗ ಕ್ಲಿಪ್ ಮೇಲೆ 'ಒಳಗೆ', 'ಹೊರಗೆ' ಅಂತ ಬರೆದಿದೆ.

ಕನ್ನಡಕದ ಬಗ್ಗೆಯೂ ಒಂದು ಜಗಳ ಆಯಿತು. "ಕನ್ನಡಕ ಹಾಕಿದ್ರೂ ಕೆಂಪು ಬ್ಯಾಡ್ಜ್ ಇಳೀಲೇ ಇಲ್ಲ" ಅಂತ ಒಬ್ಬರು. ಇಳಿಯುವುದಿಲ್ಲ, ಕನ್ನಡಕ ಇರುವುದು ಕಣ್ಣಿನ ಮುಂದೆ, ಬ್ಯಾಡ್ಜ್ ಇರುವುದು ಕುತ್ತಿಗೆಯಲ್ಲಿ. ಸರಿಯಾಗಿ ಕೂರುವ, ಪಕ್ಕದಲ್ಲೂ ಮರೆ ಇರುವ ಕನ್ನಡಕವನ್ನು ಪ್ರತಿ ಕೇಸ್‌ಗೂ ಹಾಕುತ್ತಾರೆ ಅಂತ ನಾನೇ ನೋಡಿ ಖಾತ್ರಿಯಾದರೆ ಮಾತ್ರ ಕಣ್ಣಿನ ಲೆಕ್ಕಕ್ಕೆ ಕುತ್ತಿಗೆ ರೀಡಿಂಗ್‌ನ ಅರ್ಧ ಬರೆಯುತ್ತೇನೆ. ಅರ್ಧಕ್ಕಿಂತ ಜಾಸ್ತಿ ಬಿಟ್ಟುಕೊಡುವುದಿಲ್ಲ. ಯಾಕೆಂದರೆ ಡಾಕ್ಟರು ಮಾನಿಟರ್ ಕಡೆ ಮುಖ ತಿರುಗಿಸಿದಾಗ ಕೆನ್ನೆಯ ಪಕ್ಕದ ಸಂದಿಯಿಂದ, ಕೆಳಗಿನಿಂದ ಬರುವುದನ್ನು ಗಾಜು ತಡೆಯುವುದಿಲ್ಲ.

ಪತ್ರ ಹೋಗಿ ನಾಲ್ಕು ತಿಂಗಳಾದ ಮೇಲೆ ಹಿರಿಯ ಡಾಕ್ಟರು ಒಂದು ಮಧ್ಯಾಹ್ನ ನನ್ನ ರೂಮಿಗೆ ಬಂದರು. ಜೇಬಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ವಾರಕ್ಕೆ ಎರಡು ದಿನ ಅವರು ಇನ್ನೊಂದು ಆಸ್ಪತ್ರೆಯಲ್ಲೂ ಕೇಸ್ ಮಾಡುತ್ತಾರೆ, ಇದು ಅಲ್ಲಿನ ಬ್ಯಾಡ್ಜ್ ರೀಡಿಂಗ್. ಕುತ್ತಿಗೆಗೆ ತಿಂಗಳಿಗೆ 0.9. ಮಿತಿ ಇರುವುದು ಆಸ್ಪತ್ರೆಗಲ್ಲ, ಮನುಷ್ಯನಿಗೆ. ನಮ್ಮಲ್ಲಿನ 1.1ಕ್ಕೆ ಅದನ್ನು ಸೇರಿಸಿದರೆ ತಿಂಗಳಿಗೆ 2, ವರ್ಷಕ್ಕೆ 24. ಎರಡೂ ಕಡೆ ಬೇರೆ ಬೇರೆ ನೋಡಿದಾಗ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಇದನ್ನು ಕೇಳುವ ಸಾಲು ನನ್ನ ಎರಡನೇ ಪತ್ರದಲ್ಲೂ ಇರಲಿಲ್ಲ.

"ಅಲ್ಲಿ ಗಾಜಿನ ಪರದೆ ಇದೆಯಾ ಸರ್?"

"ಇದೆ. ಗೋಡೆ ಹತ್ತಿರ ಇದೆ" ಅಂದು ನಕ್ಕರು. "ನಿಮ್ಮ ಪತ್ರದ್ದು ಒಂದು ಕಾಪಿ ಕೊಡಿ. ಫೋನ್ ನಂಬರ್ ಜಾಗ ಖಾಲಿ ಬಿಡಿ, ಅವರದ್ದು ಬರ್ಕೊಳ್ತಾರೆ."

ಕೊಟ್ಟೆ. ಕೊಡುವ ಮೊದಲು 'ಬೇರೆ ಕಡೆ ಕೆಲಸ ಮಾಡುವವರು ಅಲ್ಲಿನ ರೀಡಿಂಗ್ ಕೂಡ ತನ್ನಿ' ಅಂತ ಒಂದು ಸಾಲು ಕೈಯಲ್ಲೇ ಬರೆದು ಸೇರಿಸಿದೆ.